ಮೌಲ್ಯಮಾಪನಕ್ಕೆ ಕರೆ ಬಂದ ವರ್ಷ

ಪರೀಕ್ಷಾ ಕೇಂದ್ರ ಎಂದ ಮೇಲೆ ಮುಖ್ಯ ಅಧೀಕ್ಷಕರ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು ಇದ್ದೇ ಇರುತ್ತದೆ. ಕೊಠಡಿ ಹಂಚಿಕೆಯ ಪಟ್ಟಿಯಲ್ಲಿ ಹೆಸರಿರುವ ಮೇಷ್ಟ್ರುಗಳು ಒಳಗೆ ಹೋಗಿ ಸಹಿ ಹಾಕಿ, ಉತ್ತರ ಪತ್ರಿಕೆಗಳ ಕಟ್ಟು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಾರೆ. ಬೆಂಚಿನ ಮೇಲಿನವರು ಕೂತೇ ಇರುತ್ತಾರೆ. ಪಟ್ಟಿಯಲ್ಲಿದ್ದ ಯಾರಿಗಾದರೂ ಜ್ವರ ಬರಬೇಕು, ಇಲ್ಲ ಯಾರದಾದರೂ ಸ್ಕೂಟರ್ ದಾರಿಯಲ್ಲಿ ಕೈಕೊಡಬೇಕು, ಆಗ ಇವರಿಗೆ ಕೊಠಡಿ. ಇದಕ್ಕೆ ರಿಸರ್ವ್ ಅನ್ನುತ್ತಾರೆ. ಇನ್ನೊಬ್ಬರಿಗೆ ಜ್ವರ ಬರಲಪ್ಪಾ ಎಂದು ಬೆಳ್ಳಂಬೆಳಿಗ್ಗೆ ಸ್ನಾನ ಮಾಡಿ ಬಂದು ಬೇಡಿಕೊಳ್ಳುವ ಕೆಲಸ, ವೈದ್ಯರದ್ದು ಬಿಟ್ಟರೆ, ಇದೊಂದೇ ಇರಬೇಕು.

ಆ ಬೆಂಚಿನ ಮೇಲೆ ವರ್ಷಗಟ್ಟಲೆ ಕೂತೂ ಕೂತೂ ನಮ್ಮ ಗಣಿತದ ಮೇಡಂಗೆ ರಿಸರ್ವ್ ಮೇಡಂ ಎಂಬ ಹೆಸರೇ ಗಟ್ಟಿಯಾಯಿತು. ಹೆಸರಿಟ್ಟವನು ಕೇಂದ್ರದ ಗುಮಾಸ್ತ. ಅವನು ಕುಚೋದ್ಯಕ್ಕೆ ಇಟ್ಟಿದ್ದು. ಆಕೆ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರು ಯಾವುದಾದರೇನು, ಕೊಠಡಿ ಖಾಲಿ ಬಿದ್ದಾಗ ಗುಮಾಸ್ತನ ಬಾಯಿಗೆ ಮೊದಲು ಬರಬೇಕಾದದ್ದು ತನ್ನ ಹೆಸರು, ಅಷ್ಟೇ ಆಕೆಯ ಲೆಕ್ಕ.

ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಆಕೆ ಗಣಿತ ಹೇಳಿಕೊಡುತ್ತಿದ್ದರು. ಸಂಬಳ ಹೆಸರಿಗೆ ಮಾತ್ರ, ಅದೂ ರಜೆಯ ತಿಂಗಳುಗಳಲ್ಲಿ ಇಲ್ಲ. ಗಂಡ ಲಾರಿಯ ಅಪಘಾತದಲ್ಲಿ ಹೋದ ಮೇಲೆ ಬಾಡಿಗೆ ಮನೆ, ಒಬ್ಬಳೇ ಮಗಳು, ಇಷ್ಟೇ ಸಂಸಾರ. ಶಾಲೆ ಬಾಗಿಲು ಹಾಕಿದ ತಿಂಗಳುಗಳಲ್ಲಿ ಒಲೆ ಉರಿಯಬೇಕಲ್ಲ, ಅದಕ್ಕೆ ಆಕೆ ನೆಚ್ಚಿಕೊಂಡಿದ್ದೇ ಈ ಬಿಡಿ ಕೆಲಸಗಳನ್ನು. ಪರೀಕ್ಷೆಗೆ ಮುಂಚೆ ಕೇಂದ್ರಗಳಿಗೆ ಅಲೆದು, ಫೋಟೊ, ಗುರುತಿನ ಚೀಟಿ, ಪದವಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಕೊಟ್ಟು ಬರುತ್ತಿದ್ದರು. ಕೊಟ್ಟು ಬಂದರೆ ಸಾಲದು, ವಾರಕ್ಕೊಮ್ಮೆ ಮುಖ ತೋರಿಸಬೇಕು. ಕೊಟ್ಟ ಕಾಗದವನ್ನು ಯಾರೂ ಓದುವುದಿಲ್ಲ, ಕಂಡ ಮುಖವನ್ನು ಕರೆಯುತ್ತಾರೆ, ಇದು ಆಕೆ ಅಲೆದು ಕಲಿತ ಪಾಠ.

ಎಷ್ಟು ತರದ ಕೆಲಸ ಮಾಡಿಲ್ಲ ಆಕೆ! ಮನೆ ಮನೆ ಸಮೀಕ್ಷೆಯವರು ಎಣಿಕೆದಾರರು ಬೇಕೆಂದಾಗ ತರಬೇತಿಗೆ ಹೋಗಿ ಮೊದಲ ಸಾಲಿನಲ್ಲಿ ಕೂತರು. ಬೀದಿಯ ನಕ್ಷೆ ಕೊಟ್ಟರು, ಬಾಗಿಲ ಚೌಕಟ್ಟಿಗೆ ಅಂಟಿಸುವ ನಂಬರಿನ ಚೀಟಿ ಕೊಟ್ಟರು. ಬೀಗ ಹಾಕಿದ ಮನೆ ಕಂಡರೆ ಹಾಗೇ ಬಿಡುವಂತಿಲ್ಲ, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ ನೋಡಿ, ಆಮೇಲಷ್ಟೇ ಬೀಗ ಎಂದು ಬರೆಯಬೇಕು. ಉಳಿದವರು ಪಕ್ಕದ ಮನೆಯವರನ್ನು ಕೇಳಿ ತುಂಬಿಸಿಬಿಡುತ್ತಿದ್ದರು. ಈಕೆ ಬಿಸಿಲಲ್ಲಿ ಚಪ್ಪಲಿ ಸವೆಸಿ ಮತ್ತೆ ಹೋಗುತ್ತಿದ್ದರು. ಒಂದು ಮನೆಯ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ, "ಸೋಪು ಮಾರೋಕೆ ಬಂದ್ಯಾ? ನಮ್ಮನೇಲಿ ಬೇಕಾದಷ್ಟಿದೆ" ಅಂದಿತು.

"ಸೋಪಲ್ಲಜ್ಜಿ, ಸಮೀಕ್ಷೆ. ಮನೇಲಿ ಎಷ್ಟು ಜನ ಇದೀರಾ?"

"ಊಟದ ಹೊತ್ತಿಗೆ ಬಾ, ನೀನೇ ಎಣ್ಸಿಕೋ."

ಇಂಥದ್ದನ್ನೆಲ್ಲ ಮನೆಗೆ ಬಂದು ಮಗಳಿಗೆ ನಟಿಸಿ ತೋರಿಸುತ್ತಿದ್ದರು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗೌರವಧನ ಮಾತ್ರ ಅಜ್ಜಿಯ ನೆನಪು ಮಾಸುವ ಹೊತ್ತಿಗೆ ಖಾತೆಗೆ ಬಂತು.

ಆದರೆ ಆಕೆಯ ಕಣ್ಣು ಇದ್ದದ್ದು ಮೌಲ್ಯಮಾಪನದ ಮೇಲೆ. ಉತ್ತರ ಪತ್ರಿಕೆ ತಿದ್ದುವ ಕೆಲಸ ಎಂದರೆ ಬೆಂಚಿನ ಕಾಯುವಿಕೆ ಇಲ್ಲ. ಹೋದರೆ ಕೆಲಸ ಉಂಟು, ತಿದ್ದಿದ ಪತ್ರಿಕೆಗೆ ಇಷ್ಟೆಂದು ಸಂಭಾವನೆ, ಮೇಲೆ ದಿನಭತ್ಯೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಕರೆ ಬಂದವರನ್ನು ಲೋಕ ಮೇಷ್ಟ್ರು ಎಂದು ಒಪ್ಪಿಕೊಳ್ಳುತ್ತದೆ. ಪರೀಕ್ಷಾ ಮಂಡಳಿಯ ಪಟ್ಟಿಗೆ ಹೆಸರು ಸೇರಬೇಕಾದರೆ ಅದೇ ವಿಷಯವನ್ನು ಅದೇ ತರಗತಿಗೆ ಕೆಲವು ವರ್ಷ ಕಲಿಸಿದ್ದಾರೆಂದು ಶಾಲೆಯ ಮುಖ್ಯಸ್ಥರು ಬರೆದು, ಮೊಹರು ಹಾಕಿ ಕಳಿಸಬೇಕು. ಈಕೆಯ ಶಾಲೆಯ ಮುಖ್ಯಸ್ಥರು ಮೊಹರು ಹಾಕಲು ಹಿಂದೆ ಮುಂದೆ ನೋಡುತ್ತಿದ್ದರು. ಅನುಭವ ಇದೆ ಎಂದು ಬರೆದುಕೊಟ್ಟರೆ ನಾಳೆ ಸಂಬಳ ಜಾಸ್ತಿ ಕೇಳಿಯಾಳು ಎಂಬ ದಿಗಿಲು ಆ ಮಹಾನುಭಾವರಿಗೆ. ಆಕೆ ಹೇಳಿ ಹೇಳಿ ನಾಲಿಗೆ ಒಣಗಿತು. ಕೊನೆಗೊಂದು ದಿನ ಅವರು ಒಳ್ಳೆಯ ಲಹರಿಯಲ್ಲಿದ್ದಾಗ ಸಹಿ ಹಾಕಿಯೇಬಿಟ್ಟರು.

ಇಷ್ಟಾಗುವ ಹೊತ್ತಿಗೆ ಮನೆಯಲ್ಲಿ ಒಂದು ಎಡವಟ್ಟಾಗಿತ್ತು. ಮಗಳು ಹಿಂದಿನ ವರ್ಷದ ಅಂತಿಮ ಪರೀಕ್ಷೆಯಲ್ಲಿ ಎಲ್ಲ ಪಾಸಾಗಿ ಗಣಿತ ಒಂದರಲ್ಲೇ ಫೇಲಾಗಿದ್ದಳು. ಗಣಿತದ ಮೇಡಂ ಮಗಳು ಗಣಿತದಲ್ಲೇ ಡುಮ್ಕಿ! ಬೀದಿಯವರ ಬಾಯಿಗೆ ಒಳ್ಳೆ ಎಲೆಯಡಿಕೆ ಸಿಕ್ಕಂತಾಯಿತು. ಮಗಳಿಗೆ ನರ್ಸ್ ಆಗಬೇಕೆಂಬ ಹಂಬಲ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಿಳಿ ಬಟ್ಟೆಯ ಸಿಸ್ಟರ್ ಒಬ್ಬರು ಅವಳ ತಲೆ ನೇವರಿಸಿ ನೀರು ಕುಡಿಸಿದ್ದರಂತೆ, ಅಂದಿನಿಂದ ಅದೊಂದೇ ಜಪ. ನರ್ಸಿಂಗ್ ಕೋರ್ಸಿಗೆ ಸೇರಬೇಕಾದರೆ ಎಲ್ಲ ವಿಷಯವೂ ಪಾಸಾಗಿರಬೇಕು. ಆದ್ದರಿಂದ ಗಣಿತವನ್ನು ಮತ್ತೆ ಬರೆಯಲು ಶುಲ್ಕ ಕಟ್ಟಿದ್ದಳು. ಪ್ರತಿ ಸಂಜೆ ಅಡುಗೆಮನೆಯ ನೆಲದ ಮೇಲೆ ತಾಯಿ ತರಕಾರಿ ಹೆಚ್ಚುತ್ತ ಲೆಕ್ಕ ಹೇಳುವುದು, ಮಗಳು ಗೋಡೆಗೊರಗಿ ಬಿಡಿಸುವುದು. ಮೊದಮೊದಲು ಅಳುತ್ತಿದ್ದಳು. ಆಮೇಲಾಮೇಲೆ ತಾಯಿ ಲೆಕ್ಕ ಹೇಳಿ ಮುಗಿಸುವ ಮೊದಲೇ, "ತಾಳಮ್ಮ, ಉತ್ತರ ಹೇಳ್ಬೇಡ, ನಂಗೆ ಬಂತು!" ಎಂದು ಕೂಗುತ್ತಿದ್ದಳು. ಈ ಸಲ ಪಾಸಾಗುತ್ತಾಳೆ ಎಂಬುದರಲ್ಲಿ ತಾಯಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಪ್ರವೇಶಪತ್ರ ಬಂತು. ಅದರ ಬೆನ್ನಿಗೇ, ಗಣಿತದ ಪರೀಕ್ಷೆ ಇನ್ನೇನು ಬಂತು ಅನ್ನುವಾಗ, ಮೌಲ್ಯಮಾಪನದ ಆದೇಶವೂ ಬಂತು.

ಶಾಲೆಯಲ್ಲಿ ಅದನ್ನು ಕೈಗೆ ಕೊಟ್ಟಾಗ ರಿಸರ್ವ್ ಮೇಡಂ ಕೂತಲ್ಲೇ ಎರಡು ಸಲ ಓದಿದರು. ಆದೇಶದ ಜೊತೆಗೆ ಒಂದು ಘೋಷಣೆ ಇತ್ತು: ಈ ವಿಷಯದ ಪರೀಕ್ಷೆಯನ್ನು ನನ್ನ ಹತ್ತಿರದ ಸಂಬಂಧಿಕರು ಈ ಸಲ ಬರೆಯುತ್ತಿದ್ದಾರೆ, ಬರೆಯುತ್ತಿಲ್ಲ. ಅನ್ವಯಿಸದೇ ಇರುವುದನ್ನು ಹೊಡೆದುಹಾಕಿ ಸಹಿ ಮಾಡಿ ಮೊದಲ ದಿನ ತರಬೇಕು. ಓದಿದ್ದೇ ತಡ, ಆದೇಶವನ್ನು ಮಡಚಿ ಚೀಲದೊಳಗೆ ತುರುಕಿದರು.

ಯಾಕೆಂದರೆ ಆಕೆ ಒಂದನ್ನು ಕಣ್ಣಾರೆ ಕಂಡಿದ್ದರು. ಒಮ್ಮೆ ಕೇಂದ್ರದಲ್ಲಿ ಕೊಠಡಿ ಸಿಕ್ಕಿ ಮೆಟ್ಟಿಲು ಹತ್ತುತ್ತಿದ್ದ ಒಬ್ಬ ಮೇಷ್ಟ್ರನ್ನು ಅಧೀಕ್ಷಕರು ಹಿಂದಕ್ಕೆ ಕರೆದಿದ್ದರು. ಅವರ ಅಣ್ಣನ ಮಗ ಅದೇ ಕೇಂದ್ರದಲ್ಲಿ ಪರೀಕ್ಷೆ ಬರೆಯುತ್ತಿದ್ದನಂತೆ, ಮೇಷ್ಟ್ರು ತಿಳಿಸಿರಲಿಲ್ಲ. ಎಲ್ಲರೆದುರಿಗೆ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಮನೆಗೆ ಕಳಿಸಿದರು. ಆ ಮೇಷ್ಟ್ರನ್ನು ಆಮೇಲೆ ಯಾವ ಬೆಂಚಿನ ಮೇಲೂ ಯಾರೂ ನೋಡಲಿಲ್ಲ. ಸಂಬಂಧಿಕರು ಇದ್ದರೆ ಕೆಲಸ ಇಲ್ಲ: ಅಂದಿನಿಂದ ಇದು ಆಕೆಯ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಕೊಠಡಿ ಕಾಯುವುದಕ್ಕೊಂದು ಕಟ್ಟಳೆ, ಪತ್ರಿಕೆ ತಿದ್ದುವುದಕ್ಕೆ ಇನ್ನೊಂದು ಇರಬಹುದು ಎಂದು ಹೊಳೆಯಲೇ ಇಲ್ಲ.

ಸುಳ್ಳು ಸಹಿ ಹಾಕಬಹುದಿತ್ತು. ಹಾಕುವವರು ಹಾಕುತ್ತಾರೆ. ಆದರೆ ಬೀಗ ಹಾಕಿದ ಮನೆಗೆ ಬಿಸಿಲಲ್ಲಿ ಮತ್ತೆ ಮತ್ತೆ ಹೋದ ಹೆಂಗಸು ಇದು, ಅದು ಆಕೆಯ ಕೈಯಲ್ಲಿ ಆಗದ ಮಾತು. ಕೇಳಬಹುದಿತ್ತಲ್ಲ? ಆದೇಶದ ಕೆಳಗೆ ಫೋನ್ ನಂಬರ್ ಇತ್ತು. ಶಾಲೆಯ ಜಗುಲಿಯಲ್ಲಿ ನಿಂತು ಆಕೆ ಆ ನಂಬರನ್ನು ಒತ್ತಿದ್ದೂ ಹೌದು. ಆ ಕಡೆ ಗಂಟೆ ಬಾರಿಸತೊಡಗಿದ ಕೂಡಲೇ ಕೆಂಪು ಗೆರೆ ಕಣ್ಣಿಗೆ ಕಟ್ಟಿತು. ಫೋನ್ ಇಟ್ಟುಬಿಟ್ಟರು. ಬಿಡಿ ಕೆಲಸ ಮಾಡುವವರ ಹಣೆಬರಹವೇ ಇಷ್ಟು. ಪ್ರಶ್ನೆ ಕೇಳಿದರೆ ಎಲ್ಲಿ ತಕರಾರಿನವಳು ಅನ್ನಿಸಿಕೊಳ್ಳುತ್ತೇವೋ, ಎಲ್ಲಿ ಬೇರೆಯವರನ್ನು ಕರೆದುಬಿಡುತ್ತಾರೋ ಎಂಬ ಅಳುಕು. ಕಾಯಂ ನೌಕರಿಯವರು ಮೇಜು ಗುದ್ದಿ ಕೇಳುವುದನ್ನು ಇವರು ಮನಸ್ಸಿನಲ್ಲಿ ಕೇಳಿಕೊಳ್ಳಲೂ ಹೆದರುತ್ತಾರೆ.

ಆ ಸಂಜೆ ತರಕಾರಿ ಹೆಚ್ಚುತ್ತ ಆಕೆ ಮಗಳಿಗೆ ಹೇಳಿದರು: "ಪುಟ್ಟಿ, ಮೌಲ್ಯಮಾಪನಕ್ಕೆ ಕರ್ದಿದಾರೆ ಕಣೇ."

ಮಗಳು ಎದ್ದು ಕುಣಿದಳು. "ಅಯ್ಯೋ ಅಮ್ಮ! ಇನ್ಮೇಲೆ ಆ ಗುಮಾಸ್ತ ಹಲ್ಕಿರಿಯೋದು ನೋಡೋ ಕರ್ಮ ಇಲ್ಲ ಬಿಡು."

"ಆದ್ರೆ ಒಂದು ತೊಡಕಿದೆ. ನಮ್ಮ ಮನೆಯವರು ಯಾರೂ ಆ ಪರೀಕ್ಷೆ ಬರೀಬಾರ್ದಂತೆ."

"ಹಂಗಂದ್ರೆ, ನಾನು?"

"ಈ ಸಲ ಒಂದು ಬಿಟ್ಟುಬಿಡು. ಪೂರಕ ಪರೀಕ್ಷೆ ಬಂದೇ ಬರುತ್ತಲ್ಲ, ಅದ್ರಲ್ಲಿ ಬರೆದ್ರಾಯ್ತು. ನಂಗೆ ಮೊದಲ್ನೇ ಸಲ ಕರ್ದಿರೋದು. ಈಗ ಆಗಲ್ಲ ಅಂದ್ರೆ ಮತ್ತೆ ಜನ್ಮದಲ್ಲಿ ಕರೆಯಲ್ಲ."

ಮಗಳು ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟಳು. ಆಮೇಲೆ, "ಆಯ್ತಮ್ಮ. ಪೂರಕದಲ್ಲಿ ಬರಿತೀನಿ," ಅಂದು ತಟ್ಟೆ ಹಾಕಲು ಎದ್ದಳು. ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ತಾಯಿಗೆ ಹಾಯೆನಿಸಿತು.

ಗಣಿತದ ದಿನ ಆಕೆಗೆ ಕೇಂದ್ರದಲ್ಲೂ ಕೆಲಸವಿರಲಿಲ್ಲ, ತಮ್ಮದೇ ವಿಷಯದ ದಿನ ಮೇಷ್ಟ್ರುಗಳಿಗೆ ಕೊಠಡಿ ಕೊಡುವುದಿಲ್ಲ. ತಾಯಿ ಮಗಳಿಬ್ಬರೂ ಮನೆಯಲ್ಲೇ ಇದ್ದರು. ಸಂಜೆ ಪಕ್ಕದ ಬೀದಿಯ ಹುಡುಗಿಯಿಂದ ಮಗಳು ಪ್ರಶ್ನೆಪತ್ರಿಕೆ ಇಸಿದುಕೊಂಡು ಬಂದು ಒಂದೇ ಉಸಿರಿಗೆ ಓದಿದಳು. "ಎಲ್ಲಾ ನಾವು ಮಾಡಿದ್ದೇ ಬಂದಿದೆಯಮ್ಮ," ಅಂದಳು. ತಾಯಿ ಕೇಳಿಸಿದರೂ ಕೇಳಿಸದವರ ಹಾಗೆ ನಲ್ಲಿ ತಿರುಗಿಸಿದರು.

ಮೌಲ್ಯಮಾಪನದ ಕೇಂದ್ರ ಒಂದು ದೊಡ್ಡ ಕಾಲೇಜಿನಲ್ಲಿ. ಬಾಗಿಲಲ್ಲೇ ಮೊಬೈಲು ಕೊಟ್ಟು ಚೀಟಿ ಪಡೆಯಬೇಕು. ಮೊದಲು ಎಲ್ಲರನ್ನೂ ಕೂರಿಸಿ ಮಾದರಿ ಉತ್ತರ ಓದಿ ಹೇಳಿದರು, ಯಾವ ಹಂತಕ್ಕೆ ಎಷ್ಟು ಅಂಕ, ಬೇರೆ ದಾರಿಯಲ್ಲಿ ಸರಿಯಾಗಿ ಬಿಡಿಸಿದವನಿಗೂ ಪೂರ್ತಿ ಅಂಕ ಕೊಡಬೇಕು ಎಂದು. ಒಂದೇ ಪತ್ರಿಕೆಯ ನಕಲನ್ನು ಎಲ್ಲರಿಗೂ ಕೊಟ್ಟು ತಿದ್ದಿಸಿ, ಕೈ ಹದಕ್ಕೆ ಬಂದಿದೆಯೇ ಎಂದು ನೋಡಿದರು. ಆಮೇಲೆ ಕಟ್ಟುಗಳು ಬಂದವು. ನೋಂದಣಿ ಸಂಖ್ಯೆ ಮುಚ್ಚಿ ಬೇರೆ ಗುರುತಿನ ಸಂಖ್ಯೆ ಹಾಕಿದ ಪತ್ರಿಕೆಗಳು. ಯಾರ ಮಕ್ಕಳೋ, ಯಾವ ಊರೋ, ಬ್ರಹ್ಮನಿಗೂ ತಿಳಿಯದು. ಕೆಂಪು ಪೆನ್ನು ಇವರದು, ಹಸಿರು ಪೆನ್ನು ಮೇಲಿನ ಉಪ ಮುಖ್ಯ ಮೌಲ್ಯಮಾಪಕರದು. ಖಾಲಿ ಬಿಟ್ಟ ಪುಟಗಳಿಗೂ ಅಡ್ಡಗೆರೆ ಹೊಡೆಯಬೇಕು, ಒಳಪುಟದ ಅಂಕ ಮುಖಪುಟಕ್ಕೆ ಬಂದಿದೆಯೇ ಎಂದು ಇನ್ನೊಮ್ಮೆ ಕೂಡಬೇಕು. ಕೂಡುವುದರಲ್ಲಿ ತಪ್ಪಿದರೆ ದಂಡ ಬೀಳುತ್ತದೆ, ಹೆಸರೂ ಹೋಗುತ್ತದೆ. ರಿಸರ್ವ್ ಮೇಡಂ ಕೂಡಿದ್ದರಲ್ಲಿ ಹಸಿರು ಪೆನ್ನಿಗೆ ಕೆಲಸವೇ ಸಿಗಲಿಲ್ಲ. "ನಿಮ್ಮಂಥೋರು ಪ್ರತಿ ವರ್ಷ ಬರ್ಬೇಕು ಮೇಡಂ," ಅಂದರು ಉಪ ಮುಖ್ಯರು. ಆಕೆ ಆ ಮಾತನ್ನು ಮನೆಗೆ ಹೊತ್ತು ತಂದರು.

ಅದೇ ಮಾತು ಮುಳುವಾಯಿತು ನೋಡಿ. ಪೂರಕ ಪರೀಕ್ಷೆಯ ಮೌಲ್ಯಮಾಪನಕ್ಕೂ ಆಕೆಯನ್ನೇ ಕರೆದರು. ಮತ್ತೆ ಅದೇ ಘೋಷಣೆ, ಅದೇ ಅಳುಕು. "ಮುಂದಿನ ವರ್ಷ ಖಂಡಿತ ಪುಟ್ಟಿ," ಅಂದರು. ಈ ಸಲ ಮಗಳು ಆಯ್ತು ಎಂದೂ ಅನ್ನಲಿಲ್ಲ, ಸುಮ್ಮನೆ ತಲೆಯಾಡಿಸಿದಳು. ಮನೆಯಲ್ಲಿ ಕೂತು ಏನು ಮಾಡುವುದೆಂದು ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ ಸೇರಿಕೊಂಡಳು, ಹಾಸಿಗೆ ಬದಲಾಯಿಸುವುದು, ರೋಗಿಗಳ ಮೈ ಒರೆಸುವುದು, ನೆಲ ಒರೆಸುವುದು. "ಸ್ವಲ್ಪ ದಿನ ತಾನೇ, ಆಸ್ಪತ್ರೆ ಕೆಲಸ ಅಭ್ಯಾಸ ಆಗುತ್ತೆ," ಎಂದು ತಾಯಿಗೆ ತಾನೇ ಸಮಾಧಾನ ಹೇಳಿದಳು. ಮಾರನೇ ವರ್ಷ, ಈ ಸಲ ಕರೆ ಬಿಟ್ಟರೂ ಸರಿ ಎಂದುಕೊಂಡು ತಾಯಿಯೇ ಪುಸ್ತಕ ತೆಗೆದಿಟ್ಟರು, ಆದರೆ ಪಾಳಿ ಮುಗಿಸಿ ಬಂದ ಮಗಳು ಗೋಡೆಗೊರಗಿದ ಕೂಡಲೇ ನಿದ್ದೆ ಹೋಗುತ್ತಿದ್ದಳು. ಅದರ ಮುಂದಿನ ವರ್ಷ ಪಠ್ಯವೇ ಬದಲಾಯಿತು. "ಎಲ್ಲಾ ಮರ್ತೋಗಿದೆ ಬಿಡಮ್ಮ, ನಂಗಿನ್ನು ಬರಲ್ಲ," ಅಂದಳು. ಆಮೇಲೆ ಆ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ತಾಯಿ ವರ್ಷ ವರ್ಷ ಹೋಗಿ ಊರವರ ಮಕ್ಕಳ ಗಣಿತ ತಿದ್ದಿದರು. ತಿದ್ದಿ ತಿದ್ದಿ, ಮೌಲ್ಯಮಾಪನದ ಹಳೇ ತಲೆಗಳಲ್ಲಿ ಒಬ್ಬರಾದರು. ರಿಸರ್ವ್ ಮೇಡಂ ಎಂಬ ಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

ಈ ವರ್ಷದ ಮೌಲ್ಯಮಾಪನದಲ್ಲಿ ಆಕೆಯ ಪಕ್ಕದ ಕುರ್ಚಿಗೆ ಒಬ್ಬ ಬೊಜ್ಜಿನ ಮೇಷ್ಟ್ರು ಬಂದರು. ಮಹಾ ಮಾತುಗಾರರು. ಟೀ ವಿರಾಮದಲ್ಲಿ ಲೋಟ ಹಿಡಿದುಕೊಂಡು ಹೇಳಿದರು: "ನಮ್ಮ ಸುಪುತ್ರ ಈ ಸಲ ಇದೇ ಗಣಿತ ಬರ್ದಿದಾನೆ ಮೇಡಂ. ಯಾರ ಕೈಗೆ ಸಿಕ್ಕಿ ಒದ್ದಾಡ್ತಿದಾನೋ, ಆ ಪುಣ್ಯಾತ್ಮರಿಗೆ ದೇವ್ರು ತಾಳ್ಮೆ ಕೊಡ್ಲಿ."

ರಿಸರ್ವ್ ಮೇಡಂ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಸರ್, ಮೆಲ್ಲಗೆ. ಘೋಷಣೇಲಿ ಏನಂತ ಬರ್ದ್ರಿ?"

"ಬರೀತಿದಾನೆ ಅಂತ ಬರ್ದೆ. ಇನ್ನೇನು, ಮಗನೇ ಅಲ್ಲ ಅನ್ಲಾ?"

"ಆದ್ರೂ ನಿಮ್ಮನ್ನ ಸೇರಿಸ್ಕೊಂಡ್ರಾ?"

"ಯಾಕೆ ಸೇರಿಸ್ಕೊಳಲ್ಲ? ಬರೀತಿದಾನೆ ಅಂತ ಗೊತ್ತಾದ್ರೆ ನಮ್ಮ ಕಡೆ ಮಕ್ಕಳ ಪತ್ರಿಕೆ ಕಟ್ಟು ಬರೋ ಕೇಂದ್ರಕ್ಕೆ ನಮ್ಮನ್ನ ಹಾಕಲ್ಲ, ಅಷ್ಟೆ. ಅದಕ್ಕೇ ತಾನೇ ನನ್ನನ್ನ ಇಷ್ಟು ದೂರ ಓಡಿಸಿರೋದು! ಇಲ್ದಿದ್ರೆ ಮನೆ ಹತ್ರಾನೇ ಆರಾಮಾಗಿ ತಿದ್ಕೊಂಡಿರ್ತಿದ್ದೆ."

ಆಕೆ ಲೋಟ ಕೆಳಗಿಟ್ಟು ನೆಟ್ಟಗೆ ಉಪ ಮುಖ್ಯರ ಮೇಜಿಗೆ ಹೋದರು. ಜೀವನದಲ್ಲಿ ಮೊದಲ ಸಲ ಆ ಮೇಜಿನ ಮುಂದೆ ನಿಂತು ಪ್ರಶ್ನೆ ಕೇಳಿದರು. ಉಪ ಮುಖ್ಯರು ಕೂಡಿಸುತ್ತಿದ್ದ ಅಂಕದಿಂದ ತಲೆ ಎತ್ತದೆಯೇ ಉತ್ತರ ಕೊಟ್ಟರು. "ಹೌದಲ್ಲ ಮೇಡಂ, ತಿಳಿಸಿದ್ರೆ ಸಾಕು. ಬೇರೆ ಕೇಂದ್ರ ಕೊಡ್ತಾರೆ. ತಿಳಿಸದೇ ಮುಚ್ಚಿಟ್ರೆ ಮಾತ್ರ ಕಷ್ಟ. ಯಾಕೆ, ನಿಮ್ಮನೇಲಿ ಯಾರಾದ್ರೂ ಬರೀತಿದಾರಾ?"

"ಇಲ್ಲ ಸರ್. ಈ ನಿಯಮ ಈಚೆಗೆ ಬಂದಿದ್ದಾ?"

"ನಾನು ಈ ಕೆಲಸಕ್ಕೆ ಬಂದಾಗಿನಿಂದ ಹೀಗೇ ಇದೆ."

ಆಕೆ ಹಿಂತಿರುಗಿ ಬಂದು ಕುರ್ಚಿಯಲ್ಲಿ ಕೂತರು. ಮುಂದೆ ಯಾವುದೋ ಮಗುವಿನ ಪತ್ರಿಕೆ ತೆರೆದಿತ್ತು. ಅಕ್ಷರಗಳು ಕಲಸಿಹೋದವು. ಬೊಜ್ಜಿನ ಮೇಷ್ಟ್ರು, "ಸಕ್ಕರೆ ಕಮ್ಮಿಯಾಯ್ತಾ ಮೇಡಂ?" ಅಂದರು. ಪಾಪ, ಅವರಿಗೇನು ಗೊತ್ತು. ಸಂಜೆವರೆಗೂ ಆಕೆ ಪ್ರತಿ ಪತ್ರಿಕೆಯ ಅಂಕವನ್ನು ಮತ್ತೆ ಮತ್ತೆ ಕೂಡಿದರು, ಕೂಡಿದ್ದು ತಲೆಯಲ್ಲಿ ನಿಲ್ಲಲಿಲ್ಲ. ತನ್ನ ಸಂಕಟಕ್ಕೆ ಇನ್ನೊಂದು ಮಗು ಬಲಿಯಾಗಬಾರದೆಂಬ ಹಟವೊಂದೇ ಆಕೆಯನ್ನು ಆ ಕುರ್ಚಿಯಲ್ಲಿ ಹಿಡಿದಿಟ್ಟಿತ್ತು.

ಕೆಲಸ ಮುಗಿದ ಮೇಲೆ ಮನೆಗೆ ಹೋಗಲಿಲ್ಲ, ನರ್ಸಿಂಗ್ ಹೋಮಿಗೆ ಹೋದರು. ಮೊಗಸಾಲೆಯಲ್ಲಿ ಫಿನಾಯಿಲ್ ವಾಸನೆ. ಮಗಳು ಬಕೆಟ್ಟು ಗೋಡೆಗೆ ಸರಿಸಿ, ಕೈ ಒರೆಸಿಕೊಳ್ಳುತ್ತ ಗಾಬರಿಯಿಂದ ಬಂದಳು. "ಏನಾಯ್ತಮ್ಮ? ಹುಷಾರಿಲ್ವಾ?"

"ಕೂತ್ಕೋ ಪುಟ್ಟಿ." ಮಗಳು ಪಕ್ಕದಲ್ಲಿ ಕೂತಳು. ಆಕೆ ಸುತ್ತಿ ಬಳಸಿ ಹೇಳಲಿಲ್ಲ. "ಆವತ್ತು ನೀನು ಪರೀಕ್ಷೆ ಬರೀಬಹುದಿತ್ತು. ನಾನೂ ಮೌಲ್ಯಮಾಪನಕ್ಕೆ ಹೋಗಬಹುದಿತ್ತು. ನನ್ನ ಮಗಳು ಬರೀತಿದಾಳೆ ಅಂತ ತಿಳಿಸಿದ್ರೆ ಸಾಕಿತ್ತಂತೆ, ಬೇರೆ ಕೇಂದ್ರಕ್ಕೆ ಹಾಕ್ತಿದ್ರಂತೆ. ನಂಗೆ ಗೊತ್ತಿರ್ಲಿಲ್ಲ ಕಣೇ. ಕೇಳೋಕೆ ಹೆದರಿಬಿಟ್ಟೆ. ಫೋನು ಮಾಡಿದ್ದೆ, ಅವರು ಎತ್ತೋ ಮೊದ್ಲೇ ಇಟ್ಟುಬಿಟ್ಟೆ."

ಮಗಳು ತಾಯಿಯ ಮುಖವನ್ನೇ ನೋಡಿದಳು. ಬೈದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಬಿಳಿ ಬಟ್ಟೆಯ ಚಿಕ್ಕ ಪ್ರಾಯದ ನರ್ಸ್ ಒಬ್ಬಳು ಬಾಗಿಲಿಂದ ಇಣುಕಿ, "ಆಯಾ, ಮೂಲೆ ಹಾಸಿಗೆಯವ್ರು ವಾಂತಿ ಮಾಡ್ಕೊಂಡಿದಾರೆ, ಬೇಗ ಬನ್ನಿ," ಅಂದಳು. "ಬಂದೆ ಸಿಸ್ಟರ್," ಎಂದು ಮಗಳು ಎದ್ದಳು.

ತಾಯಿ ಅವಳ ಕೈ ಹಿಡಿದುಕೊಂಡರು. "ಈಗ್ಲೂ ಹೊತ್ತು ಮೀರಿಲ್ಲ ಪುಟ್ಟಿ. ಹೊಸದಾಗಿ ಶುಲ್ಕ ಕಟ್ಟೋಣ, ಹೊಸ ಪಠ್ಯ ನಾನು ಹೇಳ್ಕೊಡ್ತೀನಿ. ನಾಳೆಯಿಂದ ನಾನು ಅಲ್ಲಿಗೆ ಹೋಗಲ್ಲ. ಸಾಕು ಅದರ ಸಹವಾಸ."

ಮಗಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ತಾಯಿಯ ಭುಜದಿಂದ ಜಾರಿದ್ದ ಸೆರಗನ್ನು ಸರಿಮಾಡಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ.

"ಹಂಗೆಲ್ಲ ಮಾಡ್ಬೇಡಮ್ಮ," ಅಂದಳು. "ನಾಳೆ ಹೋಗು. ಹೋಗ್ದೇ ಇದ್ರೆ ನಿನ್ನ ಹೆಸರು ತೆಗೆದುಬಿಡ್ತಾರೆ."

ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ರಿಸರ್ವ್ ಮೇಡಂ ಸೆರಗನ್ನು ಬಾಯಿಗೊತ್ತಿಕೊಂಡು ಅಲ್ಲೇ ಕೂತು ಅತ್ತರು. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸಹಿ ಹಾಕಿದರು.